ನೀರಲ್ಲಿ ನಿಂತ ಗಾಡಿಗೆ ಸೆಲ್ಫ್ ಹೊಡೆಯುವ ಮುನ್ನ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಮಳೆ ಕಡಿಮೆ, ಆದರೆ ಬಂದರೆ ಒಂದೇ ರಾತ್ರಿಯಲ್ಲಿ ಹಳ್ಳ ತುಂಬಿಸಿ ಹೋಗುತ್ತದೆ. ತುಂಗಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಕಂಪ್ಲಿ–ಗಂಗಾವತಿ ನಡುವಿನ ಸೇತುವೆ ಮುಳುಗುವುದು ಎಲ್ಲರಿಗೂ ಗೊತ್ತಿರುವ ಮಾತು. ಅಲ್ಲಿ ಪೊಲೀಸರು ಬ್ಯಾರಿಕೇಡ್ ಹಾಕಿ ನಿಂತಿರುತ್ತಾರೆ, ಹಾಗಾಗಿ ಅಲ್ಲಿ ಗಾಡಿ ಕೆಡುವುದು ಕಡಿಮೆ. ಕೆಡುವುದೆಲ್ಲ ಯಾರೂ ಕಾಯದ ಜಾಗದಲ್ಲಿ: ಸಿಂಧನೂರು, ಮಸ್ಕಿ, ಸಿರುಗುಪ್ಪ ಕಡೆಯ ಹೊಲದ ಹಳ್ಳಗಳಲ್ಲಿ, ನೀರು ನಿಂತ ರೈಲ್ವೆ ಅಂಡರ್‌ಪಾಸ್‌ನಲ್ಲಿ, ಕಾಲುವೆ ಉಕ್ಕಿ ಹರಿದ ರಸ್ತೆಯಲ್ಲಿ. ಕೆಳಗಿನ ಉತ್ತರಗಳು ಹೆಚ್ಚಾಗಿ ಡೀಸೆಲ್ ಕಾರಿನ ಬಗ್ಗೆ ಇವೆ, ಯಾಕೆಂದರೆ ನೀರು ಕುಡಿದರೆ ಬೇಗ ಹಾಳಾಗುವುದು ಅದೇ. ಪೆಟ್ರೋಲ್ ಕಾರು, ಬೈಕು, ಟ್ರ್ಯಾಕ್ಟರ್ ಬಗ್ಗೆ ಬೇಕಾದ ಕಡೆ ಹೇಳಿದ್ದೇವೆ.

ನೀರಿನ ನಡುವೆ ಎಂಜಿನ್ ಆಫ್ ಆಯ್ತು. ತಕ್ಷಣ ಏನು ಮಾಡಬೇಕು?

ಕೀ ಆಫ್ ಮಾಡಿ, ಕೀ ತೆಗೆದು ಜೇಬಿಗೆ ಹಾಕಿಕೊಳ್ಳಿ. ಬಟನ್ ಸ್ಟಾರ್ಟ್ ಗಾಡಿಯಾದರೆ ಇಗ್ನಿಷನ್ ಪೂರ್ತಿ ಆಫ್ ಆಗುವವರೆಗೆ ನೋಡಿ, ಬ್ರೇಕ್ ಮೇಲಿನ ಕಾಲು ತೆಗೆಯಿರಿ. ಸಿಗ್ನಲ್‌ನಲ್ಲಿ ತಾನಾಗಿಯೇ ಆಫ್ ಆಗಿ, ಕ್ಲಚ್ ಒತ್ತಿದರೆ ತಾನಾಗಿಯೇ ಸ್ಟಾರ್ಟ್ ಆಗುವ ಕಾರುಗಳು ಈಗ ಬಹಳ ಬಂದಿವೆ. ಇಗ್ನಿಷನ್ ಆನ್ ಇದ್ದಾಗಲೇ ಗಾಬರಿಯಲ್ಲಿ ಕ್ಲಚ್ ತುಳಿದರೆ, ನೀವು ಕೀ ಮುಟ್ಟದಿದ್ದರೂ ಕೆಲವು ಗಾಡಿಗಳು ತಾವೇ ಸೆಲ್ಫ್ ಹೊಡೆದುಬಿಡುತ್ತವೆ. ಅದಕ್ಕೇ ಪೂರ್ತಿ ಆಫ್ ಎಂದು ಒತ್ತಿ ಹೇಳುವುದು.

ಗೇರ್ ನ್ಯೂಟ್ರಲ್‌ಗೆ ತನ್ನಿ. ನೀರು ಏರುತ್ತಿದ್ದರೆ ಅಥವಾ ಹರಿವು ಜೋರಿದ್ದರೆ ಗಾಡಿಯ ಚಿಂತೆ ಬಿಟ್ಟು ಮೊದಲು ಜನ ಕೆಳಗಿಳಿಯಬೇಕು. ನಿಂತ ನೀರಾಗಿದ್ದರೆ ನಾಲ್ಕು ಮಂದಿ ಸೇರಿ ನ್ಯೂಟ್ರಲ್‌ನಲ್ಲೇ ತಳ್ಳಿ ಎತ್ತರದ ಜಾಗಕ್ಕೆ ತರಬಹುದು. ಅಲ್ಲಿ ಬ್ಯಾಟರಿಯ ಮೈನಸ್ ಟರ್ಮಿನಲ್ ಬಿಚ್ಚಿಬಿಟ್ಟರೆ ಎರಡು ಲಾಭ: ವೈರಿಂಗ್ ಶಾರ್ಟ್ ಆಗುವುದು ತಪ್ಪುತ್ತದೆ, ಸಹಾಯಕ್ಕೆ ಬಂದ ಯಾರಾದರೂ "ಒಂದ್ಸಲ ನೋಡೂಣ ತಡೀರಿ" ಎಂದು ಸೆಲ್ಫ್ ಹೊಡೆಯುವುದೂ ತಪ್ಪುತ್ತದೆ. ಎರಡನೆಯದೇ ಹೆಚ್ಚು ಸಲ ಆಗುವ ಅನಾಹುತ.

ಒಂದೇ ಒಂದು ಸಲ ಸೆಲ್ಫ್ ಹೊಡೆದು ನೋಡಿದರೆ ಏನು ಹೋಗುತ್ತೆ?

ರಾಡ್ ಹೋಗುತ್ತದೆ. ಹೇಗೆ ಅಂತ ಲೆಕ್ಕ ಹಾಕಿ ನೋಡೋಣ.

ನಮ್ಮ ರಸ್ತೆಗಳಲ್ಲಿ ಬಹಳ ಕಾಣುವ 1248 ಸಿಸಿ, ನಾಲ್ಕು ಸಿಲಿಂಡರಿನ ಡೀಸೆಲ್ ಎಂಜಿನ್ ತೆಗೆದುಕೊಳ್ಳಿ. ಒಂದು ಸಿಲಿಂಡರಿಗೆ 312 ಸಿಸಿ. ಪಿಸ್ಟನ್ ಮೇಲೆ ಬಂದಾಗ ಅಷ್ಟೂ ಗಾಳಿ ಹೆಡ್ ಕೆಳಗಿನ ಸಣ್ಣ ಜಾಗದಲ್ಲಿ ಅಡಕವಾಗಬೇಕು. ಗಾಳಿ ಎಷ್ಟು ಪಟ್ಟು ಅಡಕವಾಗುತ್ತದೆ ಎಂದು ಹೇಳುವ ಕಂಪ್ರೆಷನ್ ಅನುಪಾತ ಸುಮಾರು 17 ಎಂದು ಹಿಡಿದರೆ, ಆ 17ರಲ್ಲಿ ಒಂದು ಪಾಲು ಮೇಲೆ ಉಳಿಯುವ ಜಾಗವೇ, ಹಾಗಾಗಿ ಪಿಸ್ಟನ್ ಪೂರ್ತಿ ಮೇಲಿದ್ದಾಗ ಉಳಿಯುವ ಜಾಗ 312 ಭಾಗಿಸು 16, ಅಂದರೆ ಹತ್ತಿರ ಹತ್ತಿರ 20 ಮಿಲಿ. ನಾಲ್ಕು ಟೀ ಚಮಚ. ಅಷ್ಟಕ್ಕಿಂತ ಹೆಚ್ಚು ನೀರು ಆ ಸಿಲಿಂಡರಿನಲ್ಲಿದ್ದರೆ ಪಿಸ್ಟನ್ ಮೇಲೆ ಬರಲು ಜಾಗವೇ ಇಲ್ಲ. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಆ ಹೊತ್ತಿಗೆ ವಾಲ್ವ್‌ಗಳೂ ಮುಚ್ಚಿರುತ್ತವೆ, ನೀರಿಗೆ ಹೊರಗೆ ಹೋಗಲು ದಾರಿಯಿಲ್ಲ. ಕೆಳಗಿನಿಂದ ಕ್ರ್ಯಾಂಕ್ ತಳ್ಳುತ್ತದೆ, ಮೇಲಿನಿಂದ ನೀರು ತಡೆಯುತ್ತದೆ, ನಡುವೆ ಸಿಕ್ಕ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದನ್ನೇ ಹೈಡ್ರೋಲಾಕ್ ಎನ್ನುವುದು.

ಸೆಲ್ಫ್ ಮೋಟಾರು ಸಣ್ಣದಾದರೂ ದೊಡ್ಡ ಫ್ಲೈವೀಲಿನ ಹಲ್ಲು ಹಿಡಿದು ತಿರುಗಿಸುವುದರಿಂದ ಅದರ ತಿರುಚು ಬಲ ಹಲವು ಪಟ್ಟಾಗುತ್ತದೆ. ಮೊದಲ ಅರ್ಧ ಸುತ್ತು ಸಲೀಸಾಗಿ ತಿರುಗಿ ವೇಗ ಹಿಡಿದ ಮೇಲೆ ನೀರಿರುವ ಸಿಲಿಂಡರಿನ ಸರದಿ ಬಂದರೆ ಪೆಟ್ಟು ಇನ್ನೂ ಜೋರು. ಇದಕ್ಕಿಂತ ಕೆಟ್ಟ ಸಂದರ್ಭ ಒಂದಿದೆ. ಒಂದು ಸಿಲಿಂಡರಿನಲ್ಲಿ ನೀರಿದ್ದು ಪಕ್ಕದ್ದು ಒಣಗಿದ್ದರೆ ಒಣಗಿದ್ದು ಹೊತ್ತಿಕೊಳ್ಳುತ್ತದೆ. ಆಗ ನೀರಿರುವ ಪಿಸ್ಟನ್ನನ್ನು ತಳ್ಳುವುದು ಸೆಲ್ಫ್ ಮೋಟಾರಲ್ಲ, ಎಂಜಿನ್ನೇ.

ಪೆಟ್ರೋಲ್ ಎಂಜಿನ್ನಿನಲ್ಲಿ ಸ್ವಲ್ಪ ಅವಕಾಶ ಹೆಚ್ಚು. 1200 ಸಿಸಿ, ನಾಲ್ಕು ಸಿಲಿಂಡರ್, ಅನುಪಾತ 11 ಇದ್ದರೆ ಸುಮಾರು 30 ಮಿಲಿ ಜಾಗ ಇರುತ್ತದೆ. ಹೆಚ್ಚೇನಲ್ಲ, ಆರು ಚಮಚ.

ಸೆಲ್ಫ್ ಬೇಡ, ಸೆಕೆಂಡ್ ಗೇರಿನಲ್ಲಿ ತಳ್ಳಿ ಸ್ಟಾರ್ಟ್ ಮಾಡಬಹುದಲ್ಲ?

ಬೇಡ. ಗೇರಿನಲ್ಲಿ ತಳ್ಳಿದರೆ ಚಕ್ರದ ಮೂಲಕ ಕ್ರ್ಯಾಂಕ್ ತಿರುಗುತ್ತದೆ, ಸಾವಿರ ಕೆಜಿ ಗಾಡಿಯ ಓಟವೆಲ್ಲ ಆ ಒಂದು ರಾಡ್ ಮೇಲೆ ಬೀಳುತ್ತದೆ. ಟ್ರ್ಯಾಕ್ಟರ್‌ಗೆ ಹಗ್ಗ ಕಟ್ಟಿ ಎಳೆಸುವಾಗಲೂ ಗೇರ್ ನ್ಯೂಟ್ರಲ್‌ನಲ್ಲೇ ಇರಬೇಕು. ಆಟೊಮ್ಯಾಟಿಕ್ ಗಾಡಿಯನ್ನು ದೂರ ಎಳೆಯುವುದೇ ಬೇಡ, ಲಾರಿ ಮೇಲೆ ಹೇರಿಸಿ.

ಎಂಜಿನ್ ಹೇಗೆ ನಿಂತಿತು ಅನ್ನೋದು ಮುಖ್ಯವೇ?

ಬಹಳ ಮುಖ್ಯ. ಗ್ಯಾರೇಜಿಗೆ ಗಾಡಿ ಬಂದಾಗ ಮೇಸ್ತ್ರಿ ಮೊದಲು ಕೇಳಬೇಕಾದ ಪ್ರಶ್ನೆಯೇ ಇದು, ಆದರೆ ಬಹಳ ಮಂದಿ ಕೇಳುವುದಿಲ್ಲ.

ಮಿಸ್ ಹೊಡೆಯುತ್ತಾ, ಕುಂಟುತ್ತಾ, ನಿಧಾನಕ್ಕೆ ಆಫ್ ಆಯಿತು ಅಂದರೆ ಕಾರಣ ಬೇರೆಯೂ ಇರಬಹುದು: ಯಾವುದೋ ಸೆನ್ಸರ್ ಕನೆಕ್ಟರಿಗೆ ನೀರು ಹೋಗಿರಬಹುದು, ಪೆಟ್ರೋಲ್ ಗಾಡಿಯಲ್ಲಿ ಕಾಯಿಲ್ ನೆಂದಿರಬಹುದು, ಏರ್ ಫಿಲ್ಟರ್ ನೆಂದು ಗಾಳಿ ಸಾಲದೆ ಹೋಗಿರಬಹುದು. ಇಂಥ ಗಾಡಿಗಳಲ್ಲಿ ಸಿಲಿಂಡರಿಗೆ ನೀರು ಹೋಗದೆಯೂ ಇರುವ ಸಾಧ್ಯತೆ ಇದೆ.

ಚೆನ್ನಾಗಿ ಓಡುತ್ತಿದ್ದದ್ದು "ಧಡ್" ಎಂದು ಒಂದೇ ಏಟಿಗೆ ನಿಂತಿತು, ಗಾಡಿ ಜಗ್ಗಿತು ಅಂದರೆ ನೀರು ಒಳಗೆ ಹೋಗಿದೆ ಎಂದೇ ಹಿಡಿಯಬೇಕು. ಆ ಕ್ಷಣಕ್ಕೆ ಎಂಜಿನ್ ಎಷ್ಟು ಜೋರು ತಿರುಗುತ್ತಿತ್ತು ಅನ್ನುವುದೂ ಬೇಕು. ಐಡಲ್‌ನಲ್ಲಿ ಉಸಿರುಗಟ್ಟಿ ನಿಂತದ್ದರಲ್ಲಿ ರಾಡ್ ಉಳಿದಿರಬಹುದು. ದಾಟಿಬಿಡೋಣ ಎಂದು ಆಕ್ಸಿಲರೇಟರ್ ಒತ್ತಿ ನಿಮಿಷಕ್ಕೆ 2500 ಸುತ್ತಿನ ಮೇಲೆ ತಿರುಗಿಸುತ್ತಿದ್ದಾಗ ನಿಂತಿದ್ದರೆ, ನೀವು ಮತ್ತೆ ಸೆಲ್ಫ್ ಮುಟ್ಟದಿದ್ದರೂ ರಾಡ್ ಆಗಲೇ ಬಾಗಿರುವ ಸಂಭವ ಹೆಚ್ಚು. ಎದುರಿನಿಂದ ಬಸ್ಸೋ ಲಾರಿಯೋ ಬಂದು ಅಲೆ ಎಬ್ಬಿಸಿದ ಕೂಡಲೇ ನಿಂತದ್ದಾದರೆ ಅದನ್ನೂ ಹೇಳಿ. ನೀರು ಚಕ್ರದ ಅರ್ಧಕ್ಕೇ ಇದ್ದರೂ ಅಲೆ ಬಾನೆಟ್ ಮಟ್ಟಕ್ಕೆ ಏರಿ ಗಾಳಿ ಎಳೆಯುವ ಬಾಯಿಗೆ ನುಗ್ಗಿರುತ್ತದೆ.

ನೀರು ಒಳಗೆ ಹೋಗಿದೆಯೋ ಇಲ್ಲವೋ, ಎಂಜಿನ್ ಬಿಚ್ಚದೆ ಹೇಗೆ ತಿಳಿಯುವುದು?

ಗಾಳಿ ಬರುವ ದಾರಿಯಲ್ಲೇ ನೀರೂ ಬರುವುದು. ಹಾಗಾಗಿ ಹೊರಗಿನಿಂದ ಒಳಗೆ ಆ ದಾರಿಯನ್ನೇ ಹಿಡಿದು ಹೋಗಿ.

ಗಾಳಿ ಎಳೆಯುವ ಬಾಯಿ ಹೆಚ್ಚಿನ ಕಾರುಗಳಲ್ಲಿ ರೇಡಿಯೇಟರಿನ ಮೇಲೋ ಹೆಡ್‌ಲೈಟಿನ ಹಿಂದೋ ಇರುತ್ತದೆ. ಅಲ್ಲಿಂದ ಏರ್ ಫಿಲ್ಟರ್ ಡಬ್ಬಿ. ಅದರ ಕ್ಲಿಪ್ ಬಿಚ್ಚಲು ಸ್ಕ್ರೂಡ್ರೈವರ್ ಸಾಕು. ಫಿಲ್ಟರ್ ಪೂರ್ತಿ ಒಣಗಿದ್ದು, ಡಬ್ಬಿಯ ತಳದಲ್ಲೂ ತೇವ ಇಲ್ಲದಿದ್ದರೆ ಒಳ್ಳೆಯ ಸುದ್ದಿ. ಕೆಳಭಾಗ ಮಾತ್ರ ನೆಂದಿದ್ದರೆ ಅನುಮಾನ. ಫಿಲ್ಟರ್ ಕಾಗದ ತೊಯ್ದು ಮುದ್ದೆಯಾಗಿದ್ದರೆ, ಅಥವಾ ಅದರಲ್ಲಿ ಎರೆಮಣ್ಣಿನ ಕಪ್ಪು ಕೆಸರು ಹಿಡಿದಿದ್ದರೆ, ನೀರು ಮುಂದಕ್ಕೂ ಹೋಗಿದೆ. ಮುಖ್ಯವಾಗಿ ನೋಡಬೇಕಾದದ್ದು ಫಿಲ್ಟರಿನ ಎಂಜಿನ್ ಕಡೆಯ ಮುಖ. ಆ ಕಡೆಯ ರಬ್ಬರ್ ಪೈಪ್ ಬಿಚ್ಚಿ ಬೆರಳು ಹಾಕಿ ಸವರಿ. ಬೆರಳಿಗೆ ಹನಿ ಅಥವಾ ಮಣ್ಣು ಹತ್ತಿದರೆ ಇನ್ನು ಸೆಲ್ಫ್ ವಿಷಯ ಬಿಟ್ಟುಬಿಡಿ, ಪ್ಲಗ್ ಬಿಚ್ಚುವ ಕೆಲಸಕ್ಕೆ ಬನ್ನಿ.

ಫಿಲ್ಟರ್ ಒಣಗಿಸಿ ಹಾಕಿದೆವು, ಸ್ಟಾರ್ಟೂ ಆಯ್ತು. ನಾಲ್ಕು ಕಿಲೋಮೀಟರ್ ಹೋದ ಮೇಲೆ ಎಂಜಿನ್ ಒಡೆಯಿತು. ಯಾಕೆ?

ಇಂಟರ್‌ಕೂಲರಿನಿಂದ. ಟರ್ಬೊ ಇರುವ ಡೀಸೆಲ್ ಕಾರುಗಳಲ್ಲಿ ಗಾಳಿ ಫಿಲ್ಟರಿನಿಂದ ನೇರ ಎಂಜಿನ್ನಿಗೆ ಹೋಗುವುದಿಲ್ಲ. ಟರ್ಬೊ ದಾಟಿ ಇಂಟರ್‌ಕೂಲರ್ ಎನ್ನುವ ರೇಡಿಯೇಟರಿನಂಥ ಪೆಟ್ಟಿಗೆಯಲ್ಲಿ ತಣ್ಣಗಾಗಿ ಆಮೇಲೆ ಹೋಗುತ್ತದೆ. ಬಹಳ ಗಾಡಿಗಳಲ್ಲಿ ಅದು ಮುಂದಿನ ಬಂಪರಿನ ಹಿಂದೆ ಕೆಳಗಡೆ ಕೂತಿರುತ್ತದೆ. ದಾರಿಯ ಅತಿ ತಗ್ಗಿನ ಜಾಗ ಅದೇ ಆದ್ದರಿಂದ ಒಳಗೆ ಹೋದ ನೀರೆಲ್ಲ ಅಲ್ಲಿ ನಿಲ್ಲುತ್ತದೆ.

ಐಡಲ್‌ನಲ್ಲಿ ಗಾಳಿಯ ಓಟ ಕಡಿಮೆ, ನೀರು ಅಲ್ಲೇ ಇರುತ್ತದೆ, ಎಂಜಿನ್ ಸುಮ್ಮನೆ ಚೆನ್ನಾಗಿ ಓಡುತ್ತದೆ. ಹೈವೇ ಹತ್ತಿ ಆಕ್ಸಿಲರೇಟರ್ ಒತ್ತಿದ ಕೂಡಲೇ ಟರ್ಬೊ ಜೋರಾಗಿ ಊದುತ್ತದೆ, ನಿಂತ ನೀರನ್ನೆಲ್ಲ ಎತ್ತಿ ಒಂದೇ ಸಲ ಸಿಲಿಂಡರಿಗೆ ತಳ್ಳುತ್ತದೆ. ಆಗ ಎಂಜಿನ್ 3000ಕ್ಕೆ ತಿರುಗುತ್ತಿರುತ್ತದೆ. ಸೆಲ್ಫ್‌ನಲ್ಲಿ ಆಗುವ ಹೈಡ್ರೋಲಾಕ್ ರಾಡ್ ಬಗ್ಗಿಸಿದರೆ, ಇದು ಬ್ಲಾಕಿಗೇ ತೂತು ಮಾಡಬಹುದು.

ಹಾಗಾಗಿ ಫಿಲ್ಟರ್ ಡಬ್ಬಿಯಲ್ಲಿ ತೇವ ಕಂಡರೆ ಇಂಟರ್‌ಕೂಲರಿನ ಕೆಳಗಿನ ಹೋಸ್ ಕ್ಲಿಪ್ ಸಡಿಲಿಸಿ ನೀರು ಇಳಿಸಲೇಬೇಕು. ಸ್ವಲ್ಪ ಆಯಿಲ್ ಬರುವುದು ಸಹಜ, ಟರ್ಬೊ ಗಾಡಿಯಲ್ಲಿ ಅಲ್ಲಿ ಆಯಿಲ್ ಪಸೆ ಇದ್ದೇ ಇರುತ್ತದೆ. ನೀರು ಬಂದರೆ ಇಂಟರ್‌ಕೂಲರನ್ನೇ ಬಿಚ್ಚಿ ಅಲುಗಾಡಿಸಿ ಖಾಲಿ ಮಾಡಿ, ಕಂಪ್ರೆಸರ್ ಗಾಳಿ ಹೊಡೆದು ಒಣಗಿಸಿ. ಗ್ಯಾರೇಜಿನಲ್ಲೂ ಬಿಟ್ಟುಹೋಗುವ ಕೆಲಸ ಇದೇ. ಗಾಡಿ ಬಿಟ್ಟು ಬರುವಾಗ "ಇಂಟರ್‌ಕೂಲರ್ ನೀರು ಇಳಿಸ್ರೀ" ಎಂದು ಬಾಯಿಬಿಟ್ಟು ಹೇಳಿ ಬನ್ನಿ.

ಡಿಪ್ ಸ್ಟಿಕ್ ಎಳೆದು ನೋಡಿದೆ, ಆಯಿಲ್ ಬಣ್ಣ ಸರಿಯಾಗಿದೆ. ಸಾಕಲ್ಲ?

ಸಾಲದು. ಆಯಿಲಿಗೆ ನೀರು ಬೆರೆತರೆ ಹಾಲು ಹಾಕಿದ ಚಹಾದ ಬಣ್ಣ ಬರುತ್ತದೆ ಎನ್ನುವುದು ನಿಜ, ಆದರೆ ಆ ಬಣ್ಣ ಬರಬೇಕಾದರೆ ನೀರು ಹೋದ ಮೇಲೆ ಎಂಜಿನ್ ತಿರುಗಿ ಎರಡೂ ಕಡೆದುಕೊಂಡಿರಬೇಕು. ನೀರು ಹೋದ ಕೂಡಲೇ ನಿಂತ ಎಂಜಿನ್ನಿನಲ್ಲಿ ನೀರು ಭಾರ ಆದ್ದರಿಂದ ಎಂಜಿನ್ ಅಡಿಯಲ್ಲಿ ಆಯಿಲ್ ನಿಲ್ಲುವ ಚೇಂಬರಿನ ತಳಕ್ಕೆ ಇಳಿದು ಕೂತಿರುತ್ತದೆ, ಮೇಲೆ ಶುದ್ಧ ಆಯಿಲ್ ತೇಲುತ್ತಿರುತ್ತದೆ. ಡಿಪ್ ಸ್ಟಿಕ್ ತುದಿಗೆ ಅದು ಕಾಣದೇ ಹೋಗಬಹುದು.

ನೋಡಬೇಕಾದದ್ದು ಮಟ್ಟ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ ನೋಡಿ. ಮೊದಲು ಅರ್ಧಕ್ಕಿದ್ದದ್ದು ಈಗ ಮ್ಯಾಕ್ಸ್ ಗುರುತು ದಾಟಿದ್ದರೆ ಆ ಹೆಚ್ಚಾದದ್ದು ನೀರೇ. ಮಟ್ಟ ನೆನಪಿಲ್ಲ ಅಂದರೆ ಪಕ್ಕಾ ಪರೀಕ್ಷೆ ಒಂದಿದೆ: ಚೇಂಬರಿನ ಕೆಳಗಿನ ಡ್ರೇನ್ ಬೋಲ್ಟನ್ನು ಪೂರ್ತಿ ಬಿಚ್ಚದೆ, ಹನಿ ಬರುವಷ್ಟು ಮಾತ್ರ ಸಡಿಲಿಸಿ. ಮೊದಲು ಬಂದದ್ದನ್ನು ಖಾಲಿ ನೀರಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಹಿಡಿಯಿರಿ. ತಳದಲ್ಲಿದ್ದ ನೀರೇ ಮೊದಲು ಬರುತ್ತದೆ.

ಸಿಲಿಂಡರಿನೊಳಗಿನ ನೀರು ತೆಗೆಯುವುದು ಹೇಗೆ? ನಾವೇ ಮಾಡಬಹುದಾ?

ಪೆಟ್ರೋಲ್ ಗಾಡಿಯಲ್ಲಿ ಪಾನಾ ಹಿಡಿದು ಅಭ್ಯಾಸ ಇದ್ದವರು ಮಾಡಬಹುದು. ಕಾಯಿಲ್‌ಗಳನ್ನು ತೆಗೆದು, ಪ್ಲಗ್ ಸುತ್ತಲಿನ ಕುಳಿಯಲ್ಲಿ ನಿಂತ ನೀರನ್ನು ಮೊದಲು ಗಾಳಿ ಹೊಡೆದೋ ಬಟ್ಟೆಯಲ್ಲಿ ಹೀರಿಯೋ ತೆಗೆಯಿರಿ, ಇಲ್ಲವಾದರೆ ಪ್ಲಗ್ ಬಿಚ್ಚಿದಾಗ ಅದೇ ಒಳಗೆ ಬೀಳುತ್ತದೆ. ನಾಲ್ಕೂ ಪ್ಲಗ್ ಬಿಚ್ಚಿ, ಯಾವ ಸಿಲಿಂಡರಿನದು ಯಾವುದು ಎಂದು ಸಾಲಾಗಿ ಇಡಿ. ಒದ್ದೆ ಪ್ಲಗ್ ಯಾವ ಸಿಲಿಂಡರು ನೀರು ಕುಡಿದಿದೆ ಎಂದು ಹೇಳುತ್ತದೆ. ಪೆಟ್ರೋಲ್ ಪಂಪಿನ ಫ್ಯೂಸ್ ತೆಗೆದಿರಬೇಕು, ಕಾಯಿಲ್ ಕನೆಕ್ಟರುಗಳು ಬಿಚ್ಚಿಯೇ ಇರಬೇಕು.

ಡೀಸೆಲ್ ಆದರೆ ಮೇಸ್ತ್ರಿಗೆ ಬಿಡಿ. ಅಲ್ಲಿ ಸ್ಪಾರ್ಕ್ ಪ್ಲಗ್ ಇರುವುದಿಲ್ಲ, ಬಿಚ್ಚಬೇಕಾದದ್ದು ಹೀಟರ್ ಪ್ಲಗ್. ಅದು ಕಡ್ಡಿಯಂತೆ ಸಣ್ಣದು, ವರ್ಷಗಟ್ಟಲೆ ಮಸಿ ಹಿಡಿದು ಕೂತಿರುತ್ತದೆ. ಜೋರು ಹಾಕಿದರೆ ಅರ್ಧಕ್ಕೆ ಮುರಿದು ತುದಿ ಹೆಡ್‌ನಲ್ಲೇ ಉಳಿಯುತ್ತದೆ, ಆಗ ನೀರಿನ ಖರ್ಚಿನ ಜೊತೆ ಹೆಡ್ ಇಳಿಸುವ ಖರ್ಚೂ ಸೇರುತ್ತದೆ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾದು, ಅಷ್ಟಷ್ಟೇ ಸಡಿಲಿಸುತ್ತಾ ಬರಬೇಕು. ಇಂಜೆಕ್ಟರಿಗೆ ಹೋಗುವ ಸ್ಟೀಲ್ ಪೈಪ್ ಬಿಚ್ಚಿಟ್ಟು ಸೆಲ್ಫ್ ಹೊಡೆಯುವ ಹಳೆಯ ಪದ್ಧತಿ ಕಾಮನ್ ರೈಲ್ ಗಾಡಿಗಳಿಗೆ ನಡೆಯುವುದಿಲ್ಲ. ಆ ಪೈಪಿನ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮ ತೂರಿ ಒಳಗೆ ಹೋಗುತ್ತದೆ. ಅಲ್ಲಿ ಇಂಜೆಕ್ಟರುಗಳ ವೈರ್ ಕನೆಕ್ಟರ್ ತೆಗೆದಿಟ್ಟು ಡೀಸೆಲ್ ನಿಲ್ಲಿಸಬೇಕು.

ಪ್ಲಗ್‌ಗಳು ಹೊರಗೆ ಬಂದ ಮೇಲೂ ನೇರ ಸೆಲ್ಫ್ ಇಲ್ಲ. ಮೊದಲು ಕೈಯಿಂದ ತಿರುಗಿಸಬೇಕು. ಎಂಜಿನ್ ಅಡ್ಡ ಕೂತಿರುವ ಕಾರುಗಳಲ್ಲಿ ಬೆಲ್ಟ್ ಇರುವ ಬದಿಯ ಮುಂದಿನ ಚಕ್ರ ಬಿಚ್ಚಿ, ಒಳಗಿನ ಪ್ಲಾಸ್ಟಿಕ್ ತೆಗೆದರೆ ಕ್ರ್ಯಾಂಕ್ ಪುಲ್ಲಿಯ ಬೋಲ್ಟ್ ಸಿಗುತ್ತದೆ. ಅದಕ್ಕೆ ಸಾಕೆಟ್ ಹಾಕಿ, ಎಂಜಿನ್ ತಿರುಗುವ ದಿಕ್ಕಿನಲ್ಲೇ (ಹೆಚ್ಚಿನವು ಪುಲ್ಲಿ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿನ ದಿಕ್ಕು) ನಿಧಾನಕ್ಕೆ ಪೂರ್ತಿ ಎರಡು ಸುತ್ತು ತಿರುಗಿಸಿ. ಎರಡು ಸುತ್ತಿಗೆ ನಾಲ್ಕೂ ಸಿಲಿಂಡರುಗಳು ಒಂದೊಂದು ಸಲ ಪೂರ್ತಿ ಸರದಿ ಮುಗಿಸುತ್ತವೆ. ನೀರು ತೂತಿನಿಂದ ಉಕ್ಕಿ ಬರುತ್ತದೆ. ತಡೆಯಿಲ್ಲದೆ ತಿರುಗಿದರೆ ಮಾತ್ರ ಬ್ಯಾಟರಿ ಜೋಡಿಸಿ ಎರಡೆರಡು ಸೆಕೆಂಡ್ ಸೆಲ್ಫ್ ಹೊಡೆಯಿರಿ. ಉಳಿದ ನೀರು ಮಂಜಿನಂತೆ ಚಿಮ್ಮುತ್ತದೆ, ಆ ತೂತಿನ ಮೇಲೆ ಬಗ್ಗಿ ನೋಡಬೇಡಿ. ಬಟ್ಟೆ ಹಿಡಿದರೆ ಅದು ಒಣಗಿದ್ದೇ ವಾಪಸ್ ಬರುವವರೆಗೆ ಮಾಡಿ.

ಪ್ಲಗ್ ಎಲ್ಲ ಬಿಚ್ಚಿದ್ದೇವೆ, ಆದರೂ ಕೈಯಿಂದ ತಿರುಗಿಸುವಾಗ ಒಂದು ಕಡೆ ಸಿಕ್ಕಿಕೊಳ್ಳುತ್ತಿದೆ.

ಅಲ್ಲಿಗೇ ನಿಲ್ಲಿಸಿ. ಪ್ಲಗ್ ಇಲ್ಲದಾಗ ನೀರು ತಡೆಯಲಾರದು. ತಡೆಯುತ್ತಿರುವುದು ಕಬ್ಬಿಣ: ಬಾಗಿದ ರಾಡ್ ಬ್ಲಾಕಿಗೆ ತಗಲುತ್ತಿದೆ, ಅಥವಾ ಕೆಳಕ್ಕಿಳಿದ ಪಿಸ್ಟನ್ನಿನ ಅಂಚು ಕ್ರ್ಯಾಂಕಿಗೆ ಬಡಿಯುತ್ತಿದೆ. ಪಾನಾಕ್ಕೆ ಉದ್ದ ಪೈಪ್ ಸಿಕ್ಕಿಸಿ ಎಳೆಯುವುದು, ಇಂಪ್ಯಾಕ್ಟ್ ಗನ್ ಹಾಕುವುದು ಬೇಡ. ಎಂಜಿನ್ ಬಿಚ್ಚುವುದೊಂದೇ ದಾರಿ.

ನೀರೆಲ್ಲ ತೆಗೆದ ಮೇಲೆ ಗಾಡಿ ಸ್ಟಾರ್ಟ್ ಆಗಿದೆ, ಚೆನ್ನಾಗೇ ಓಡುತ್ತಿದೆ. ರಾಡ್ ಬಾಗಿದ್ದರೆ ಸ್ಟಾರ್ಟೇ ಆಗುತ್ತಿರಲಿಲ್ಲ ಅಲ್ವಾ?

ಆಗುತ್ತದೆ, ಇಲ್ಲೇ ಬಹಳ ಮಂದಿ ಮೋಸ ಹೋಗುವುದು. ಒಂದು ಗಾಡಿಯ ಉದಾಹರಣೆ ನೋಡಿ.

ಮಸ್ಕಿ ಕಡೆಯಿಂದ ಸಿಂಧನೂರಿಗೆ ಬರುತ್ತಿದ್ದ 1248 ಸಿಸಿ ಡೀಸೆಲ್ ಕಾರು ಹಳ್ಳದ ನೀರಲ್ಲಿ ನಿಂತಿತು. ಮಾಲೀಕರು ಒಂದು ಸಲ ಸೆಲ್ಫ್ ಹೊಡೆದರು, "ಟಕ್" ಎಂದು ನಿಂತಿತು, ಹೆದರಿ ಬಿಟ್ಟರು. ಗ್ಯಾರೇಜಿನಲ್ಲಿ ಹೀಟರ್ ಪ್ಲಗ್ ಬಿಚ್ಚಿ ನೀರು ತೆಗೆದರು, ಮೂರನೇ ಸಿಲಿಂಡರಿನಿಂದಲೇ ಹೆಚ್ಚು ನೀರು ಬಂತು. ಆಯಿಲ್ ಬದಲಿಸಿದರು, ಸ್ಟಾರ್ಟ್ ಆಯಿತು. ಐಡಲ್‌ನಲ್ಲಿ ತುಸು ನಡುಕ, ಬೆಳಿಗ್ಗೆ ತಣ್ಣಗಿದ್ದಾಗ ತುಸು ಬಿಳಿ ಹೊಗೆ. "ಎರಡು ದಿನ ಓಡಿದ್ರ ಸರಿ ಹೋಗ್ತೈತಿ" ಅನ್ನುವ ಮಾತು ಬರುವುದು ಇಂಥ ಹೊತ್ತಿಗೇ.

ಮಾಲೀಕರು ಕಂಪ್ರೆಷನ್ ಟೆಸ್ಟ್ ಮಾಡಿಸಲೇಬೇಕು ಎಂದು ಹಟ ಹಿಡಿದರು. ಹೀಟರ್ ಪ್ಲಗ್ ತೂತಿಗೆ ಗೇಜ್ ಹಾಕಿ ನೋಡಿದಾಗ ಒಂದು, ಎರಡು, ನಾಲ್ಕನೇ ಸಿಲಿಂಡರುಗಳು 28 ಬಾರ್ ಆಸುಪಾಸು, ಮೂರನೆಯದು 22. ರಿಂಗ್ ಸವೆದಿದ್ದರೂ ಹೀಗೆ ಕಡಿಮೆ ತೋರಿಸಬಹುದು ಎಂಬ ವಾದ ಬಂತು. ಆದರೆ ಸವೆತ ಹೆಚ್ಚಾಗಿ ನಾಲ್ಕರಲ್ಲೂ ಸ್ವಲ್ಪ ಸ್ವಲ್ಪ ಇರುತ್ತದೆ. ಹೆಚ್ಚು ನೀರು ಬಂದ ಸಿಲಿಂಡರೇ ಒಂಟಿಯಾಗಿ ಬಿದ್ದಿದ್ದರೆ ಮೊದಲ ಅನುಮಾನ ರಾಡ್ ಮೇಲೆ.

ಲೆಕ್ಕವೂ ಅದನ್ನೇ ಹೇಳುತ್ತದೆ. ಈ ಎಂಜಿನ್ನಿನ ಸಿಲಿಂಡರ್ ಅಗಲ 69.6 ಮಿಮೀ, ಅಂದರೆ ಪಿಸ್ಟನ್ 1 ಮಿಮೀ ಕೆಳಗೆ ನಿಂತರೆ ಮೇಲೆ 3.8 ಮಿಲಿ ಜಾಗ ಹೆಚ್ಚಾಗುತ್ತದೆ. ರಾಡ್ ಬಾಗಿ ಬರೀ 1 ಮಿಮೀ ಗಿಡ್ಡಾದರೆ ಉಳಿಯುವ ಜಾಗ ಸುಮಾರು 19.5ರಿಂದ 23.3 ಮಿಲಿಗೆ ಏರುತ್ತದೆ, 17 ಇದ್ದ ಅನುಪಾತ 14.4ಕ್ಕೆ ಇಳಿಯುತ್ತದೆ. ಅದರಿಂದ ಕಂಪ್ರೆಷನ್ ಒತ್ತಡ ಐದರಲ್ಲಿ ಒಂದು ಪಾಲಿನಷ್ಟು ಕಡಿಮೆಯಾಗುತ್ತದೆ. 28ರಲ್ಲಿ ಐದನೇ ಒಂದು ಪಾಲು ಕಳೆದರೆ 22ರ ಹತ್ತಿರವೇ ಬರುತ್ತದೆ. ಇಂಜೆಕ್ಟರ್ ತೆಗೆದು ಡೆಪ್ತ್ ಗೇಜ್ ಇಳಿಸಿ ಪ್ರತಿ ಪಿಸ್ಟನ್ ಪೂರ್ತಿ ಮೇಲಿದ್ದಾಗಿನ ಎತ್ತರ ಅಳೆದರು. ಮೂರನೆಯದು ಉಳಿದವಕ್ಕಿಂತ ಒಂದು ಮಿಲಿಮೀಟರ್ ಕೆಳಗಿತ್ತು. ಬಿಚ್ಚಿದಾಗ ರಾಡ್ ಬಾಗಿತ್ತು. ಬರಿಗಣ್ಣಿಗೆ ನೇರವಾಗಿಯೇ ಕಾಣುತ್ತಿತ್ತು, ಹೊಸ ರಾಡ್ ಪಕ್ಕ ಇಟ್ಟಾಗಲೇ ವ್ಯತ್ಯಾಸ ಗೊತ್ತಾದದ್ದು. ರಾಡ್, ಬೇರಿಂಗ್, ಆ ಒಂದು ಪಿಸ್ಟನ್ನಿನ ರಿಂಗ್ ಬದಲಿಸಿ ಮುಗಿಯಿತು.

ಹಾಗೇ ಓಡಿಸಿದ್ದರೆ? ಬಾಗಿದ ರಾಡ್ ಪಿಸ್ಟನ್ನನ್ನು ಸಿಲಿಂಡರಿನ ಒಂದು ಬದಿಗೆ ಒತ್ತುತ್ತಾ ಗೋಡೆ ಸವೆಸುತ್ತದೆ. ನಿಮಿಷಕ್ಕೆ ಸಾವಿರಾರು ಸಲ ಅದೇ ಬಾಗಿದ ಜಾಗದ ಮೇಲೆ ಒತ್ತಡ ಬಿದ್ದು ಬಿರುಕು ಶುರುವಾಗುತ್ತದೆ. ವಾರಗಳ ನಂತರವೋ ತಿಂಗಳುಗಳ ನಂತರವೋ ಯಾವುದೋ ಓವರ್‌ಟೇಕ್ ಮಾಡುವಾಗ ರಾಡ್ ತುಂಡಾಗಿ ಬ್ಲಾಕ್ ಸೀಳಿ ಹೊರಬರುತ್ತದೆ. ಆಗ ನೀರಿನ ಕಥೆ ಯಾರಿಗೂ ನೆನಪಿರುವುದಿಲ್ಲ, ಬೈಗುಳ ಆಯಿಲಿಗೆ ಬೀಳುತ್ತದೆ.

ಪೆಟ್ರೋಲ್ ಗಾಡಿಯಲ್ಲಿ ಎತ್ತರ ನೋಡಲು ಗೇಜ್ ಇಲ್ಲದಿದ್ದರೆ ಪ್ಲಗ್ ತೂತಿನಲ್ಲಿ ಉದ್ದನೆಯ ನೇರ ಮರದ ಕಡ್ಡಿ ಇಳಿಸಿ, ಕೈಯಿಂದ ಎಂಜಿನ್ ತಿರುಗಿಸುತ್ತಾ ಕಡ್ಡಿ ಎಲ್ಲಿಯವರೆಗೆ ಏರುತ್ತದೆ ಎಂದು ಪೆನ್ನಿನಲ್ಲಿ ಗುರುತು ಹಾಕಿ. ನಾಲ್ಕರ ಗುರುತೂ ಒಂದೇ ಕಡೆ ಬರಬೇಕು. ಅರ್ಧ ಮಿಲಿಮೀಟರ್ ವ್ಯತ್ಯಾಸ ಇದರಲ್ಲಿ ಗೊತ್ತಾಗದು, ಎರಡು ಮಿಲಿಮೀಟರ್ ಖಂಡಿತ ಗೊತ್ತಾಗುತ್ತದೆ. ಗುರುತು ಒಂದೇ ಇದ್ದರೂ ಕಂಪ್ರೆಷನ್ ಟೆಸ್ಟ್ ತಪ್ಪಿಸಬೇಡಿ.

ಹಬ್ಬದ ರಜೆ, ಮೇಸ್ತ್ರಿ ಸಿಗುತ್ತಿಲ್ಲ. ನಾಲ್ಕೈದು ದಿನ ಹಾಗೇ ನಿಲ್ಲಿಸಿದರೆ ನೀರು ತಾನೇ ಒಣಗುವುದಿಲ್ಲವೇ?

ಒಣಗುವುದಿಲ್ಲ, ಇಳಿಯುತ್ತದೆ. ರಿಂಗ್ ಸಂದಿನಲ್ಲಿ ಜಿನುಗಿ ಚೇಂಬರಿಗೆ ಹೋಗಿ ಆಯಿಲಿನ ಕೆಳಗೆ ಕೂರುತ್ತದೆ. ಅದಕ್ಕೇ ಮರುದಿನ ಸೆಲ್ಫ್ ಹೊಡೆದಾಗ ಎಂಜಿನ್ ಆರಾಮಾಗಿ ತಿರುಗಿ "ನೋಡ್ರಿ, ಏನೂ ಆಗಿಲ್ಲ" ಅನ್ನಿಸುವುದು. ಆದರೆ ಆಯಿಲ್ ಪಂಪ್ ಎಳೆಯುವುದು ಚೇಂಬರಿನ ತಳದಿಂದ, ಹಾಗಾಗಿ ಬೇರಿಂಗಿಗೆ ಮೊದಲು ಹೋಗುವುದು ಆ ನೀರೇ.

ಇತ್ತ ಸಿಲಿಂಡರಿನ ಗೋಡೆಗೆ ಒಂದೆರಡು ದಿನದಲ್ಲೇ ತುಕ್ಕು ಹಿಡಿಯಲು ಶುರುವಾಗುತ್ತದೆ, ರಿಂಗ್ ಅಂಟಿಕೊಳ್ಳುತ್ತದೆ. ಗಾಡಿ ಕಾಯಲೇಬೇಕಾದ ಸ್ಥಿತಿ ಇದ್ದರೆ ಪ್ಲಗ್ ಬಿಚ್ಚಿ ನೀರು ಹೊರಹಾಕಿ, ಪ್ರತಿ ತೂತಿಗೂ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಿ ಪ್ಲಗ್ ಮುಚ್ಚಿಡಿ. ಒಂದೇ ಚಮಚ, ಏಕೆಂದರೆ ಆಯಿಲೂ ದ್ರವವೇ. ಮತ್ತೆ ಸ್ಟಾರ್ಟ್ ಮಾಡುವ ಮುಂಚೆ ಪ್ಲಗ್ ಬಿಚ್ಚಿ ಅದನ್ನೂ ಹೊರಗೆ ಹಾಕಬೇಕು.

ಗಾಡಿ ಓಡಿಸಲೇ ಇಲ್ಲ, ಮನೆ ಮುಂದೆ ನಿಂತಿದ್ದಾಗಲೇ ಬಂಪರ್ ಮಟ್ಟಕ್ಕೆ ನೀರು ಬಂದಿತ್ತು. ಆಗಲೂ ಇದೆಲ್ಲ ಬೇಕಾ?

ಬೇಕು. ಓಡುವ ಎಂಜಿನ್ನಿನ ಹೊಗೆಯ ಒತ್ತಡ ಸೈಲೆನ್ಸರಿಗೆ ನೀರು ಬರದಂತೆ ತಡೆಯುತ್ತದೆ, ನಿಂತ ಗಾಡಿಗೆ ಆ ರಕ್ಷಣೆಯೂ ಇಲ್ಲ. ಫಿಲ್ಟರ್ ಡಬ್ಬಿ, ಆಯಿಲ್ ಮಟ್ಟ, ಇಂಟರ್‌ಕೂಲರ್ ಮೂರೂ ನೋಡಿ. ಮೂರೂ ಸರಿಯಿದ್ದರೂ ಮೊದಲ ಸಲ ಕೈಯಿಂದಲೇ ತಿರುಗಿಸಿ.

ಇನ್ಶೂರೆನ್ಸ್ ಸಿಗುತ್ತಾ?

ಸಾಮಾನ್ಯ ಕಾಂಪ್ರಹೆನ್ಸಿವ್ ಪಾಲಿಸಿಯಲ್ಲಿ ಪ್ರವಾಹದಿಂದ ಆದ ನಷ್ಟ ಬರುತ್ತದೆ, ಆದರೆ ನೀರಲ್ಲಿ ಸೆಲ್ಫ್ ಹೊಡೆದು ಎಂಜಿನ್ ಒಡೆದರೆ ಅದನ್ನು ನಂತರದ ನಷ್ಟ ಎಂದು ಕಂಪನಿಗಳು ಹೊರಗಿಡುತ್ತವೆ. ಅದಕ್ಕೆಂದೇ ಎಂಜಿನ್ ಪ್ರೊಟೆಕ್ಟ್ ಎಂಬ ಬೇರೆ ಕವರ್ ಇರುತ್ತದೆ. ಪಾಲಿಸಿ ಹಾಳೆಯಲ್ಲಿ ಆ ಹೆಸರು ಇದೆಯಾ ನೋಡಿಕೊಳ್ಳಿ. ನೀರಲ್ಲಿ ನಿಂತ ಗಾಡಿಯ, ನೀರಿನ ಮಟ್ಟದ, ನೆಂದ ಫಿಲ್ಟರಿನ ಫೋಟೊ ತೆಗೆದಿಡಿ. ಸರ್ವೇಯರ್ ನೋಡುವ ಮುನ್ನ ಎಂಜಿನ್ ಬಿಚ್ಚಿಸಬೇಡಿ. ಕಾಯುವುದು ತಡವಾದರೆ ಫೋನಿನಲ್ಲಿ ಕೇಳಿ, ಪ್ಲಗ್ ಬಿಚ್ಚಿ ನೀರು ತೆಗೆಯಲು ಒಪ್ಪಿಗೆಯನ್ನು ಮೆಸೇಜಿನಲ್ಲಿ ಪಡೆದುಕೊಳ್ಳಿ.

ಬೈಕು, ಟ್ರ್ಯಾಕ್ಟರಿಗೂ ಇದೇ ನಿಯಮವೇ?

ಬೈಕಿನಲ್ಲಿ ಒಂದೇ ಸಿಲಿಂಡರ್, ಒಂದೇ ಪ್ಲಗ್, ಹಾಗಾಗಿ ಕೆಲಸ ಸುಲಭ. 100 ಸಿಸಿ ಬೈಕಿನಲ್ಲಿ ಪಿಸ್ಟನ್ ಮೇಲಿನ ಜಾಗ ಬರೀ ಎರಡು ಚಮಚದಷ್ಟು. ಪ್ಲಗ್ ಬಿಚ್ಚಿ, ಕಿಕ್ಕರನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ ನೋಡಿ. ನೀರು ಬಂದು ಮುಗಿದ ಮೇಲೆ ಜೋರು ಕಿಕ್ ಹೊಡೆದು ಒಣಗಿಸಿ. ಸೀಟಿನ ಕೆಳಗಿನ ಏರ್ ಬಾಕ್ಸ್, ಕಾರ್ಬ್ಯುರೇಟರ್ ಇದ್ದರೆ ಅದರ ಕೆಳಗಿನ ಡ್ರೇನ್ ಸ್ಕ್ರೂ ಎರಡರಿಂದಲೂ ನೀರು ಇಳಿಸಿ.

ಟ್ರ್ಯಾಕ್ಟರಿನ ಗಾಳಿ ಎಳೆಯುವ ಬಾಯಿ ಬಾನೆಟ್ ಮಟ್ಟದಲ್ಲಿರುತ್ತದೆ, ಸೈಲೆನ್ಸರ್ ಮೇಲ್ಮುಖ, ಹೀಗಾಗಿ ಸಿಲಿಂಡರಿಗೆ ನೀರು ಹೋಗುವುದು ಅಪರೂಪ. ಗದ್ದೆಯಲ್ಲಿ ಹೂತು ಹೋಗಿ ರಾತ್ರಿಯೆಲ್ಲ ನೀರಲ್ಲಿ ನಿಂತಿದ್ದರೆ ಗೇರ್ ಆಯಿಲ್, ಸೆಲ್ಫ್ ಮೋಟಾರು, ಡೈನಮೊ ನೋಡಿ. ಆಯಿಲ್ ಬಾತ್ ಫಿಲ್ಟರ್ ಇರುವ ಹಳೆಯ ಟ್ರ್ಯಾಕ್ಟರಿನಲ್ಲಿ ಅದರ ಬಟ್ಟಲಿನ ಆಯಿಲ್ ಉಕ್ಕಿದೆಯಾ ಎಂದು ನೋಡಿ. ಉಕ್ಕಿದ್ದರೆ ಅಲ್ಲಿಂದ ಎಂಜಿನ್ನಿಗೆ ದಾರಿ ಹತ್ತಿರ.

ಎಲ್ಲ ಸರಿಯಾಗಿ ಸ್ಟಾರ್ಟ್ ಆಯಿತು. ಆಯಿಲ್ ಒಂದು ಸಲ ಬದಲಿಸಿದರೆ ಸಾಕಾ?

ಆಯಿಲಿನಲ್ಲಿ ನೀರು ಕಂಡಿದ್ದರೆ ಎರಡು ಸಲ. ಸ್ಟಾರ್ಟ್ ಮಾಡುವ ಮುನ್ನ ಒಮ್ಮೆ ಆಯಿಲ್ ಮತ್ತು ಆಯಿಲ್ ಫಿಲ್ಟರ್ ಎರಡೂ ಬದಲಿಸಿ, ಇದಕ್ಕೆ ಕಡಿಮೆ ಬೆಲೆಯ ಆಯಿಲ್ ನಡೆಯುತ್ತದೆ. ಹದಿನೈದು ನಿಮಿಷ ರೇಸ್ ಮಾಡದೆ ಐಡಲ್‌ನಲ್ಲೇ ಬಿಸಿ ಮಾಡಿ, ಬಿಸಿಯಿದ್ದಾಗಲೇ ಇಳಿಸಿ. ಇಳಿಸಿದ್ದರಲ್ಲಿ ಇನ್ನೂ ಬಿಳಿಚು ಕಂಡರೆ ಮತ್ತೊಮ್ಮೆ. ಆಮೇಲೆ ಕಂಪನಿ ಹೇಳಿದ ಗ್ರೇಡಿನ ಆಯಿಲ್, ಹೊಸ ಫಿಲ್ಟರ್ ಹಾಕಿ. ನೆಂದ ಏರ್ ಫಿಲ್ಟರನ್ನು ಬಿಸಿಲಿಗೆ ಒಣಗಿಸಿ ವಾಪಸ್ ಹಾಕಬೇಡಿ. ನಮ್ಮ ಬಿಸಿಲಿಗೆ ಅರ್ಧ ಗಂಟೆಯಲ್ಲಿ ಒಣಗುತ್ತದೆ ನಿಜ, ಆದರೆ ಒಣಗಿದ ಎರೆಮಣ್ಣು ಕಾಗದದ ಮಡಿಕೆಯಲ್ಲೇ ಕೂತು ಗಾಳಿ ಕಟ್ಟುತ್ತದೆ, ಕಾಗದ ಎಲ್ಲಾದರೂ ಹರಿದಿದ್ದರೆ ಆ ಮಣ್ಣು ಟರ್ಬೊಗೆ ಹೋಗುತ್ತದೆ. ಮೊದಲ ಐನೂರು ಕಿಲೋಮೀಟರ್ ಮುಗಿಯುವವರೆಗೆ ದಿನಾ ಬೆಳಿಗ್ಗೆ ಡಿಪ್ ಸ್ಟಿಕ್ ನೋಡಿ. ಮಟ್ಟ ಏರಿದರೆ ಅಥವಾ ಬಣ್ಣ ತೆಳುವಾದರೆ ಗಾಡಿಯನ್ನು ಮತ್ತೆ ಗ್ಯಾರೇಜಿಗೆ ಒಯ್ಯಿರಿ.